ಎಂದೂ ಸೊನ್ನೆಗೆ ಇಳಿಯದ ಬೀಜೋಕ್ತಿ

ನಿಲ್ದಾಣದಿಂದ ಬಸ್ಸು ಆಗಷ್ಟೇ ಹೊರಟಿದೆ. ಅದರ ಬಾಗಿಲಿಗೆ 18 ಮೀಟರ್ ಹಿಂದೆ ಒಬ್ಬ ಪ್ರಯಾಣಿಕ ಓಡಿ ಬರುತ್ತಿದ್ದಾನೆ. ಬಸ್ಸಿನ ವೇಗ ಪ್ರತಿ ಸೆಕೆಂಡಿಗೂ ಒಂದೊಂದು ಮೀಟರ್ ಏರುತ್ತಿದೆ. ಒಂದು ಸೆಕೆಂಡು ಕಳೆದಾಗ ಅದರ ವೇಗ ಸೆಕೆಂಡಿಗೆ 1 ಮೀಟರ್, ಎರಡು ಕಳೆದಾಗ 2 ಮೀಟರ್, ಹೀಗೆ. ಪ್ರಯಾಣಿಕ ಮಾತ್ರ ಮೊದಲಿನಿಂದ ಕೊನೆಯವರೆಗೂ ಒಂದೇ ವೇಗದಲ್ಲಿ ಓಡುತ್ತಾನೆ. ಆ ವೇಗ ಎಷ್ಟಿದ್ದರೆ ಅವನಿಗೆ ಬಸ್ಸು ಸಿಗುವುದೇ ಇಲ್ಲ?

ಅವನ ವೇಗವನ್ನು u ಎಂದು ಕರೆಯೋಣ. t ಸೆಕೆಂಡುಗಳಲ್ಲಿ ಬಸ್ಸು t²/2 ಮೀಟರ್ ಮುಂದೆ ಹೋಗಿರುತ್ತದೆ, ಪ್ರಯಾಣಿಕ ut ಮೀಟರ್ ಓಡಿರುತ್ತಾನೆ. ಮೊದಲಿದ್ದ ಅಂತರ 18 ಮೀಟರ್. ಹಾಗಾದರೆ ಆ ಹೊತ್ತಿಗೆ ಇಬ್ಬರ ನಡುವೆ ಉಳಿದ ಅಂತರ ಇಷ್ಟು:

t²/2 − ut + 18

ಇದನ್ನು ಎರಡರಿಂದ ಗುಣಿಸಿದರೆ ಭಿನ್ನರಾಶಿ ಹೋಗಿ t² − 2ut + 36 ಎಂಬ ವರ್ಗ ಬಹುಪದೋಕ್ತಿ ಸಿಗುತ್ತದೆ. ಎರಡು ಧನಸಂಖ್ಯೆಯಾದ್ದರಿಂದ ಗುಣಿಸಿದ ಮಾತ್ರಕ್ಕೆ ಚಿಹ್ನೆ ಬದಲಾಗುವುದಿಲ್ಲ. ಅಂತರ ಸೊನ್ನೆಯಾದ ಕ್ಷಣ ಅವನ ಕೈಗೆ ಬಾಗಿಲು ಸಿಕ್ಕಿದಂತೆ. ಬಸ್ಸು ಸಿಗಲೇಬಾರದು ಎಂದರೆ ಈ ಬೀಜೋಕ್ತಿ ಒಂದು ಕ್ಷಣವೂ ಸೊನ್ನೆಯಾಗದೆ ಸದಾ ಧನವಾಗಿಯೇ ಇರಬೇಕು.

ಇಲ್ಲಿರುವ ಎರಡು ಅಕ್ಷರಗಳ ಕೆಲಸ ಒಂದೇ ಅಲ್ಲ. t ತಾನಾಗಿ ಓಡುತ್ತಿರುತ್ತದೆ, ಅದು ಯಾವ ಬೆಲೆಯನ್ನಾದರೂ ತಳೆಯಬಹುದು. u ಮಾತ್ರ ನಾವು ಒಮ್ಮೆ ಆರಿಸಿ ಹಾಗೆಯೇ ಬಿಡುವ ಸಂಖ್ಯೆ. ಇಂಥ ಸಂಖ್ಯೆಯನ್ನು ಗಣಿತದಲ್ಲಿ ಪ್ರಾಚಲ ಎನ್ನುತ್ತಾರೆ. ನಮಗೆ ಬೇಕಾಗಿರುವುದು t ಅಲ್ಲ. t ಏನೇ ಆಗಿರಲಿ, ಅಂತರ ಧನವಾಗಿಯೇ ಉಳಿಯುವಂತೆ ಮಾಡುವ u ಬೆಲೆಗಳೆಲ್ಲ ನಮಗೆ ಬೇಕು. ಹತ್ತನೆಯ ತರಗತಿಯ ಸಾಮಾನ್ಯ ವರ್ಗ ಸಮೀಕರಣಕ್ಕೂ ಈ ಪ್ರಶ್ನೆಗೂ ಇರುವ ವ್ಯತ್ಯಾಸವೇ ಇದು. ಅಲ್ಲಿ ಮೂಲಗಳನ್ನು ಹುಡುಕುತ್ತೇವೆ. ಇಲ್ಲಿ ಮೂಲಗಳೇ ಇಲ್ಲದಂತೆ ನೋಡಿಕೊಳ್ಳುತ್ತೇವೆ.

ಕೆಲವು ಬೆಲೆ ಹಾಕಿ ನೋಡಿದರೆ ಸಾಲದೆ?

ಮೊದಲು ತೋಚುವ ದಾರಿ ಕೆಲವು ಬೆಲೆಗಳನ್ನು ಹಾಕಿ ನೋಡುವುದು. ಆ ದಾರಿ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ 100x² − 100x + 24 ಎಂಬ ಬೀಜೋಕ್ತಿಯನ್ನೇ ನೋಡಿ. x ಜಾಗದಲ್ಲಿ 0 ಹಾಕಿದರೆ 24 ಬರುತ್ತದೆ. 1 ಹಾಕಿದರೂ 24. 2 ಹಾಕಿದರೆ 224. −1 ಹಾಕಿದರೂ 224. ಯಾವ ಪೂರ್ಣಾಂಕ ಹಾಕಿದರೂ ಉತ್ತರ 24ಕ್ಕಿಂತ ಕಡಿಮೆಯಾಗುವುದಿಲ್ಲ. ಸಾವಿರ ಪೂರ್ಣಾಂಕಗಳನ್ನು ಹಾಕಿ ನೋಡಿದವರೂ ಇದು ಸದಾ ಧನ ಎಂದೇ ತೀರ್ಮಾನಿಸಿಯಾರು.

ಈಗ x ಜಾಗದಲ್ಲಿ 1/2 ಹಾಕಿ. 25 − 50 + 24, ಅಂದರೆ −1. ಈ ಬೀಜೋಕ್ತಿ 0.4 ಮತ್ತು 0.6ರ ನಡುವಿನ ಚಿಕ್ಕ ಜಾಗದಲ್ಲಿ ಮಾತ್ರ ಸೊನ್ನೆಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಬರುತ್ತದೆ. ವಾಸ್ತವ ಸಂಖ್ಯೆಗಳು ಅನಂತ. ಯಾವ ಇಕ್ಕಟ್ಟಿನಲ್ಲಿ ಇಳಿತ ಅಡಗಿದೆಯೋ ಪರೀಕ್ಷೆ ಮಾಡಿ ತಿಳಿಯಲಾಗದು. ಎಲ್ಲ ಬೆಲೆಗಳ ಬಗ್ಗೆಯೂ ಒಟ್ಟಿಗೆ ಹೇಳಬಲ್ಲ ಸಾಧನವೊಂದು ಬೇಕು. ಅದೇ ಶೋಧಕ, b² − 4ac.

ಶ್ರೀಧರರ ಗುಣಾಕಾರ

ಶೋಧಕಕ್ಕೆ ಈ ಶಕ್ತಿ ಎಲ್ಲಿಂದ ಬಂತು ಎಂದು ತಿಳಿಯಲು ಶ್ರೀಧರಾಚಾರ್ಯರ ವಿಧಾನಕ್ಕಿಂತ ಹತ್ತಿರದ ದಾರಿ ಇಲ್ಲ. ಅವರ ಬೀಜಗಣಿತದ ಕೃತಿ ಈಗ ಉಳಿದಿಲ್ಲ. ಆದರೆ ಎರಡನೆಯ ಭಾಸ್ಕರಾಚಾರ್ಯರು 1150ರ ಸುಮಾರಿಗೆ ರಚಿಸಿದ ‘ಬೀಜಗಣಿತ’ದಲ್ಲಿ ಶ್ರೀಧರರ ಸೂತ್ರವನ್ನು ಹೆಸರು ಹೇಳಿ ಉಳಿಸಿದ್ದಾರೆ. ಅದರ ಸಾರ ಇಷ್ಟು: ವರ್ಗಪದದ ಸಹಗುಣಕದ ನಾಲ್ಕರಷ್ಟರಿಂದ ಎಲ್ಲವನ್ನೂ ಗುಣಿಸಿದರೆ ಪೂರ್ಣವರ್ಗ ತಾನಾಗಿ ಕೂಡಿಬರುತ್ತದೆ.

ನಮ್ಮ ಬೀಜೋಕ್ತಿ ax² + bx + c ಆಗಿರಲಿ. ಇದನ್ನು 4a ಇಂದ ಗುಣಿಸಿದರೆ 4a²x² + 4abx + 4ac. ಮೊದಲ ಎರಡು ಪದಗಳು (2ax + b) ಎಂಬುದರ ವರ್ಗದಲ್ಲಿ ಬರುವ ಪದಗಳೇ. ಆ ವರ್ಗ ಪೂರ್ತಿಯಾಗಲು b² ಒಂದು ಕೊರತೆ. ಅದನ್ನು ಕೂಡಿಸಿ ಕಳೆದರೆ:

4a(ax² + bx + c) = (2ax + b)² − (b² − 4ac)

ಶೋಧಕವನ್ನು D ಎಂದು ಬರೆದರೆ ಬಲಗಡೆ ಉಳಿಯುವುದು (2ax + b)² − D. ಈ ಲೇಖನದಲ್ಲಿ ಮುಂದೆ ಬರುವುದೆಲ್ಲ ಈ ಒಂದು ಸಾಲಿನಿಂದಲೇ ಹೊರಡುತ್ತದೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

x ಯಾವುದೇ ವಾಸ್ತವ ಸಂಖ್ಯೆಯಾಗಿರಲಿ, (2ax + b)² ಎಂಬ ವರ್ಗ ಸೊನ್ನೆಗಿಂತ ಕಡಿಮೆಯಾಗಲಾರದು. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲ ಇಲ್ಲ ಎಂದು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯರು ಸ್ಪಷ್ಟವಾಗಿಯೇ ಹೇಳಿದ್ದರು. ಆ ಮಾತು ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಬೀಜೋಕ್ತಿ ಸೊನ್ನೆಯಾಗಬೇಕಾದರೆ (2ax + b)² ಎಂಬುದು D ಗೆ ಸಮನಾಗಬೇಕು. D ಋಣವಾಗಿದ್ದರೆ ಯಾವ ವರ್ಗವೂ ಅದಕ್ಕೆ ಸಮನಾಗುವುದಿಲ್ಲ. ಹಾಗಾಗಿ ಬೀಜೋಕ್ತಿ ಎಲ್ಲಿಯೂ ಸೊನ್ನೆಯಾಗುವುದಿಲ್ಲ.

ಅಷ್ಟೇ ಅಲ್ಲ. D ಋಣವಾಗಿದ್ದರೆ ಅದನ್ನು ಕಳೆಯುವುದೆಂದರೆ ಒಂದು ಧನಸಂಖ್ಯೆಯನ್ನು ಕೂಡಿಸಿದಂತೆ. ಸೊನ್ನೆಗೆ ಕಡಿಮೆಯಿಲ್ಲದ ವರ್ಗಕ್ಕೆ ಧನಸಂಖ್ಯೆ ಕೂಡಿದರೆ ಬಲಗಡೆಯ ಮೊತ್ತ ಸದಾ ಧನ. ಅಂದರೆ ಎಡಗಡೆಯ ಗುಣಲಬ್ಧವೂ ಸದಾ ಧನ. ಎರಡರ ಗುಣಲಬ್ಧ ಧನವಾಗಬೇಕಾದರೆ ಎರಡರ ಚಿಹ್ನೆಯೂ ಒಂದೇ ಆಗಿರಬೇಕಲ್ಲವೆ? ಹಾಗಾಗಿ ಬೀಜೋಕ್ತಿಯ ಚಿಹ್ನೆ ಪ್ರತಿ x ಗೂ a ಯ ಚಿಹ್ನೆಯೇ ಆಗಿರುತ್ತದೆ. a ಧನವಾದರೆ ಬೀಜೋಕ್ತಿ ಎಲ್ಲೆಡೆ ಧನ, a ಋಣವಾದರೆ ಎಲ್ಲೆಡೆ ಋಣ.

ಇದರಿಂದ ಒಂದು ಮಾತು ಗಟ್ಟಿಯಾಗುತ್ತದೆ. ಶೋಧಕ ಋಣವಾಗಿದೆ ಎಂದಷ್ಟಕ್ಕೆ ಬೀಜೋಕ್ತಿ ಧನವಾಗಿದೆ ಎಂದು ಅರ್ಥವಲ್ಲ. ಶೋಧಕ ಹೇಳುವುದು ಬೀಜೋಕ್ತಿ ತನ್ನ ಚಿಹ್ನೆಯನ್ನು ಎಂದೂ ಬದಲಿಸುವುದಿಲ್ಲ ಎಂದು ಮಾತ್ರ. ಆ ಚಿಹ್ನೆ ಯಾವುದು ಎಂದು ಹೇಳುವುದು a. ನಕ್ಷೆಯ ಭಾಷೆಯಲ್ಲಿ ಹೇಳುವುದಾದರೆ, D < 0 ಎಂದಾಗ ಪರವಲಯ x-ಅಕ್ಷವನ್ನು ಮುಟ್ಟುವುದಿಲ್ಲ. ಅದು ಅಕ್ಷದ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು a > 0 ಅಥವಾ a < 0 ತಿಳಿಸುತ್ತದೆ. ಸದಾ ಧನವಾಗಿರಬೇಕಾದ ವರ್ಗ ಬಹುಪದೋಕ್ತಿಗೆ a > 0, D < 0 ಎಂಬ ಎರಡೂ ನಿಬಂಧನೆಗಳು ಬೇಕು.

ಬಹಳ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಬೀಜೋಕ್ತಿ ಧನವಾಗಬೇಕು ಎಂದು ಪ್ರಶ್ನೆಯಲ್ಲಿ ಓದಿದ ಕೂಡಲೇ ಕೈ ತಾನಾಗಿ D > 0 ಎಂದು ಬರೆದುಬಿಡುತ್ತದೆ. ಆದರೆ D > 0 ಎಂದರೆ ಎರಡು ಬೇರೆ ಬೇರೆ ವಾಸ್ತವ ಮೂಲಗಳಿವೆ, ಬೀಜೋಕ್ತಿ ಎರಡು ಕಡೆ ಸೊನ್ನೆಯನ್ನು ದಾಟುತ್ತದೆ ಎಂದರ್ಥ. ಬೇಕಾಗಿರುವುದು ಅದರ ತದ್ವಿರುದ್ಧ.

ಬಸ್ಸು ಸಿಗದ ವೇಗ

ಈಗ ಪ್ರಯಾಣಿಕನ ಲೆಕ್ಕ ಎರಡೇ ಸಾಲಿನದು. t² − 2ut + 36 ರಲ್ಲಿ a = 1, b = −2u, c = 36. a ಧನವಾಗಿಯೇ ಇದೆ. D = 4u² − 144. ಇದು ಋಣವಾಗಲು u² < 36 ಆಗಬೇಕು. ಓಡುವವನ ವೇಗ ಸೆಕೆಂಡಿಗೆ 6 ಮೀಟರಿಗಿಂತ, ಅಂದರೆ ಗಂಟೆಗೆ 21.6 ಕಿಲೋಮೀಟರಿಗಿಂತ ಕಡಿಮೆಯಿದ್ದರೆ ಬಸ್ಸು ಸಿಗುವುದಿಲ್ಲ.

ಈ ಗಡಿಯ ಎರಡೂ ಬದಿ ಏನಾಗುತ್ತದೆ ಎಂದು ನೋಡಿದರೆ ಶೋಧಕದ ಮೂರು ಸ್ಥಿತಿಗಳೂ ಕಣ್ಣಿಗೆ ಕಟ್ಟುತ್ತವೆ. ವೇಗ 5 ಎಂದಿಟ್ಟುಕೊಳ್ಳಿ. ಅಂತರ (t − 5)²/2 + 5.5 ಆಗುತ್ತದೆ. ಐದನೆಯ ಸೆಕೆಂಡಿನಲ್ಲಿ ಅವನು ಬಾಗಿಲಿಗೆ 5.5 ಮೀಟರ್ ಹತ್ತಿರ ಬರುತ್ತಾನೆ, ಅಲ್ಲಿಂದ ಮುಂದೆ ಬಸ್ಸು ದೂರವಾಗುತ್ತಲೇ ಹೋಗುತ್ತದೆ. ವೇಗ 6 ಆದರೆ D = 0, ಅಂತರ (t − 6)²/2. ಆರನೆಯ ಸೆಕೆಂಡಿನಲ್ಲಿ ಅಂತರ ಸೊನ್ನೆ, ಆ ಒಂದೇ ಕ್ಷಣ. ಆಗ ಬಸ್ಸಿನ ವೇಗವೂ ಸರಿಯಾಗಿ ಸೆಕೆಂಡಿಗೆ 6 ಮೀಟರ್ ಆಗಿರುತ್ತದೆ. ಹತ್ತಿದರೆ ಆಗಲೇ ಹತ್ತಬೇಕು. ವೇಗ 7 ಆದರೆ D ಧನ. ಸುಮಾರು 3.4 ಸೆಕೆಂಡಿಗೆ ಅವನು ಬಾಗಿಲನ್ನು ಮುಟ್ಟುತ್ತಾನೆ. ಹತ್ತದೆ ಓಡುತ್ತಲೇ ಇದ್ದರೆ ಬಾಗಿಲನ್ನು ದಾಟಿ ಮುಂದೆ ಹೋಗುತ್ತಾನೆ, ಸುಮಾರು 10.6 ಸೆಕೆಂಡಿಗೆ ಬಸ್ಸಿನ ಬಾಗಿಲು ಮತ್ತೆ ಅವನನ್ನು ಹಿಂದಿಕ್ಕುತ್ತದೆ. ಎರಡು ಮೂಲಗಳ ನಡುವೆ ಬೀಜೋಕ್ತಿ ಋಣವಾಗುವುದು ಎಂದರೆ ಇಲ್ಲಿ ಅವನು ಬಾಗಿಲಿಗಿಂತ ಮುಂದಿರುವ ಹೊತ್ತು.

ಈ ಲೆಕ್ಕದಲ್ಲಿ ಒಂದು ಎಚ್ಚರಿಕೆಯೂ ಇದೆ. u² < 36 ಎಂಬುದರ ಪೂರ್ಣ ಉತ್ತರ −6 < u < 6. u ಋಣ ಎಂದರೆ ಪ್ರಯಾಣಿಕ ಬಸ್ಸಿಗೆ ಬೆನ್ನು ಹಾಕಿ ಓಡುತ್ತಿದ್ದಾನೆ ಎಂದು. u = −7 ಆದರೆ ಶೋಧಕ ಧನವಾಗುತ್ತದೆ, ಅಂದರೆ ಅಂತರ ಎಲ್ಲೋ ಸೊನ್ನೆಯಾಗುತ್ತದೆ ಎಂದು ಅದು ಹೇಳುತ್ತದೆ. ಆದರೆ ಬೆನ್ನು ಹಾಕಿ ಓಡಿದವನಿಗೆ ಬಸ್ಸು ಸಿಗುವುದುಂಟೆ? ಶೋಧಕ ಹೇಳಿದ್ದು ಸುಳ್ಳಲ್ಲ. ಆ ಸೊನ್ನೆಗಳು ಇರುವುದು t ಋಣವಾಗಿರುವ ಕಡೆ, ಬಸ್ಸು ಹೊರಡುವುದಕ್ಕೂ ಮೊದಲಿನ ಕಾಲದಲ್ಲಿ. ಆ ಕಾಲ ನಮ್ಮ ಪ್ರಶ್ನೆಯಲ್ಲಿಯೇ ಇಲ್ಲ.

ಶೋಧಕ ಉತ್ತರಿಸುವುದು ಎಲ್ಲ ವಾಸ್ತವ ಸಂಖ್ಯೆಗಳ ಬಗ್ಗೆ. ಪ್ರಶ್ನೆ ಧನಸಂಖ್ಯೆಗಳಿಗೋ, ಎರಡು ಗಡಿಗಳ ನಡುವಿನ ಸಂಖ್ಯೆಗಳಿಗೋ ಸೀಮಿತವಾಗಿದ್ದರೆ D < 0 ಬೇಕಾದ್ದಕ್ಕಿಂತ ಹೆಚ್ಚು ಕಟ್ಟುನಿಟ್ಟಾಗುತ್ತದೆ, ಸರಿಯಾದ ಕೆಲವು ಬೆಲೆಗಳನ್ನೂ ಹೊರಗೆ ತಳ್ಳಿಬಿಡುತ್ತದೆ. ಆಗ ಪರವಲಯದ ತುದಿ, ಅಂದರೆ x = −b/2a ಎಂಬ ಬಿಂದು, ನಮ್ಮ ವ್ಯಾಪ್ತಿಯೊಳಗೆ ಇದೆಯೇ ಎಂದು ಮೊದಲು ನೋಡಬೇಕು. ಬಸ್ಸಿನ ಲೆಕ್ಕದಲ್ಲಿ ಆ ತುದಿ t = u. u ಧನವಾದಾಗ ತುದಿ ನಮ್ಮ ಕಾಲದೊಳಗೆ ಬರುತ್ತದೆ, ಶೋಧಕದ ಮಾತು ಹಾಗೆಯೇ ಸಲ್ಲುತ್ತದೆ. u ಸೊನ್ನೆ ಅಥವಾ ಋಣವಾದಾಗ ಅಂತರ ಮೊದಲ ಕ್ಷಣದಲ್ಲಿಯೇ ಅತಿ ಕಡಿಮೆ, ಅದೂ 18 ಮೀಟರ್. ಅಲ್ಲಿ ಶೋಧಕದ ಅಗತ್ಯವೇ ಇಲ್ಲ.

ಎರಡು ನಿಬಂಧನೆಗಳು ಕೂಡಿದಾಗ

ಬಸ್ಸಿನ ಲೆಕ್ಕದಲ್ಲಿ a ಯಾವಾಗಲೂ 1. ಹಾಗಾಗಿ a > 0 ಎಂಬ ನಿಬಂಧನೆಗೆ ಕೆಲಸವೇ ಇರಲಿಲ್ಲ. ಅದಕ್ಕೆ ಕೆಲಸ ಬರುವ ಲೆಕ್ಕವೊಂದನ್ನು ಪೂರ್ತಿಯಾಗಿ ಬಿಡಿಸೋಣ. ಎಲ್ಲ ವಾಸ್ತವ x ಗಳಿಗೂ

kx² + 4x + (k − 3)

ಧನವಾಗಿರಬೇಕು. k ಯ ಬೆಲೆಗಳು ಯಾವುವು?

ಮೊದಲು k = 0 ಆದರೆ ಏನಾಗುತ್ತದೆ ಎಂದು ನೋಡಿಬಿಡುವುದು ಒಳ್ಳೆಯದು, ಏಕೆಂದರೆ ಆಗ ಇದು ವರ್ಗ ಬಹುಪದೋಕ್ತಿಯಾಗಿಯೇ ಉಳಿಯುವುದಿಲ್ಲ. 4x − 3 ಮಾತ್ರ ಉಳಿಯುತ್ತದೆ. x = 0 ಎಂದಾಗಲೇ ಅದು −3. ಆದ್ದರಿಂದ k = 0 ಆಗದು.

ಉಳಿದ ಬೆಲೆಗಳಿಗೆ ಶೋಧಕ: D = 16 − 4k(k − 3). ಇದು ಋಣವಾಗಬೇಕು. ನಾಲ್ಕರಿಂದ ಭಾಗಿಸಿದರೆ 4 − k² + 3k < 0. ಎಲ್ಲ ಚಿಹ್ನೆಗಳನ್ನೂ ತಿರುಗಿಸಿ ಬರೆದರೆ k² − 3k − 4 > 0. ಚಿಹ್ನೆ ತಿರುಗಿಸುವಾಗ ಅಸಮತೆಯ ಗುರುತೂ ತಿರುಗಬೇಕು. ಅದನ್ನು ಮರೆತರೆ ಉತ್ತರ ಪೂರ್ತಿ ಒಳಗಿನದು ಹೊರಗೆ, ಹೊರಗಿನದು ಒಳಗೆ ಆಗಿಬಿಡುತ್ತದೆ.

ಅಪವರ್ತಿಸಿದರೆ (k − 4)(k + 1) > 0. ಗುಣಲಬ್ಧ ಧನವಾಗಲು ಎರಡೂ ಅಪವರ್ತನಗಳು ಧನವಾಗಿರಬೇಕು, ಇಲ್ಲವೇ ಎರಡೂ ಋಣವಾಗಿರಬೇಕು. ಎರಡೂ ಧನವಾಗುವುದು k > 4 ಆದಾಗ. ಎರಡೂ ಋಣವಾಗುವುದು k < −1 ಆದಾಗ. ಈಗ a > 0 ಎಂಬ ನಿಬಂಧನೆ ತನ್ನ ಕೆಲಸ ಮಾಡುತ್ತದೆ. ಇಲ್ಲಿ a ಎಂದರೆ k ಯೇ. ಅದು ಧನವಾಗಬೇಕಾದ್ದರಿಂದ k < −1 ಎಂಬ ಭಾಗ ಬಿದ್ದುಹೋಗುತ್ತದೆ. ಉಳಿಯುವ ಉತ್ತರ k > 4.

ಬಿದ್ದುಹೋದ ಭಾಗದಲ್ಲಿ ಏನಿತ್ತು? k = −2 ಹಾಕಿ ನೋಡಿ. −2x² + 4x − 5 ಬರುತ್ತದೆ. ಇದನ್ನು −2(x − 1)² − 3 ಎಂದು ಬರೆಯಬಹುದು. ಅದು −3ಕ್ಕಿಂತ ಮೇಲೆ ಎಂದೂ ಏರುವುದಿಲ್ಲ. ಶೋಧಕ ಹೇಳಿದಂತೆ ಸೊನ್ನೆಯನ್ನು ಮುಟ್ಟಲಿಲ್ಲ ನಿಜ, ಆದರೆ ಪರವಲಯವಿಡೀ ಅಕ್ಷದ ಕೆಳಗಿದೆ. k = 5 ಹಾಕಿದರೆ 5x² + 4x + 2. ಇದರ ಕನಿಷ್ಠ ಬೆಲೆ 1.2, ಸದಾ ಧನ. k = 3 ಹಾಕಿದರೆ 3x² + 4x. x = −1 ಆದಾಗ ಇದು −1. ಮೂರೂ ನಮ್ಮ ಉತ್ತರಕ್ಕೆ ಒಪ್ಪುತ್ತವೆ.

ಒಮ್ಮೆ D < 0 ಎಂದು ಖಚಿತವಾದ ಮೇಲೆ a ಯ ಬದಲು c ಯನ್ನು ನೋಡಿದರೂ ಆದೀತು. ಬೀಜೋಕ್ತಿಯ ಚಿಹ್ನೆ ಎಲ್ಲೆಡೆ ಒಂದೇ ಆಗಿರುವುದರಿಂದ ಯಾವುದಾದರೂ ಒಂದು x ನಲ್ಲಿ ಧನ ಎಂದು ತಿಳಿದರೆ ಸಾಕು. ಎಲ್ಲಕ್ಕಿಂತ ಸುಲಭದ x ಎಂದರೆ ಸೊನ್ನೆ, ಅಲ್ಲಿ ಬೀಜೋಕ್ತಿಯ ಬೆಲೆ c ಯೇ. ಪರೀಕ್ಷೆಗೆಂದು ಬೆಲೆ ಹಾಕುವುದು ಮೊದಲು ಮೋಸ ಮಾಡಿತ್ತು. ಶೋಧಕ ಮುಂದೆ ನಿಂತ ಮೇಲೆ ಒಂದೇ ಬೆಲೆ ಇಡೀ ಅಕ್ಷದ ಸಾಕ್ಷಿಯಾಗುತ್ತದೆ.

ಕೈತಪ್ಪಿ ಹೋಗುವ ಒಂದು ಬೆಲೆ

ಹಿಂದಿನ ಲೆಕ್ಕದಲ್ಲಿ k = 0 ಎಂಬುದನ್ನು ಬೇರೆಯಾಗಿ ನೋಡಿದೆವು, ಅದು ಉಪಯೋಗಕ್ಕೆ ಬರಲಿಲ್ಲ. ಪ್ರತಿ ಸಲವೂ ಹೀಗೆಯೇ ಎಂದುಕೊಂಡರೆ ಉತ್ತರ ತಪ್ಪುತ್ತದೆ. ಈ ಬೀಜೋಕ್ತಿಯನ್ನು ನೋಡಿ:

(k − 2)x² + 2(k − 2)x + 4

ನಿಬಂಧನೆಗಳನ್ನು ಬರೆದರೆ a > 0 ಇಂದ k > 2. ಶೋಧಕ D = 4(k − 2)² − 16(k − 2), ಅಂದರೆ 4(k − 2)(k − 6). ಇದು ಋಣವಾಗುವುದು k ಎರಡು ಮತ್ತು ಆರರ ನಡುವೆ ಇದ್ದಾಗ. ಎರಡನ್ನೂ ಕೂಡಿಸಿದರೆ 2 < k < 6. ಬಹಳ ಜನ ಇಲ್ಲಿಗೆ ಪೆನ್ನು ಇಡುತ್ತಾರೆ.

ಈಗ k = 2 ಹಾಕಿ. x² ಇರುವ ಪದವೂ ಹೋಯಿತು, x ಇರುವ ಪದವೂ ಹೋಯಿತು. ಉಳಿದದ್ದು 4. x ಏನೇ ಆಗಿರಲಿ, 4 ಧನವೇ. ಹಾಗಾದರೆ 2 ಕೂಡ ಸರಿಯಾದ ಬೆಲೆ. ಪೂರ್ಣ ಉತ್ತರ 2 ≤ k < 6. ಇದನ್ನು ಶೋಧಕ ಹಿಡಿಯಲಿಲ್ಲ, ಹಿಡಿಯಲೂ ಆಗದು. ಶ್ರೀಧರರ ಸಾಲಿನಲ್ಲಿ ನಾವು 4a ಇಂದ ಗುಣಿಸಿದ್ದೆವು. a ಸೊನ್ನೆಯಾದರೆ ಎರಡೂ ಬದಿ b² − b² ಆಗಿ ಅಳಿಸಿಹೋಗುತ್ತವೆ, ಆ ಸಾಲು ಏನನ್ನೂ ಹೇಳುವುದಿಲ್ಲ. ಆದ್ದರಿಂದ ವರ್ಗಪದದ ಸಹಗುಣಕದಲ್ಲಿ ಪ್ರಾಚಲ ಇರುವ ಪ್ರತಿ ಲೆಕ್ಕದಲ್ಲಿಯೂ a = 0 ಆಗುವ ಬೆಲೆಯನ್ನು ಮೂಲ ಬೀಜೋಕ್ತಿಯಲ್ಲಿ ಹಾಕಿ ಬೇರೆಯಾಗಿಯೇ ನೋಡಬೇಕು. x ಇರುವ ಪದ ಉಳಿದುಕೊಂಡರೆ ನಕ್ಷೆ ಓರೆಯಾದ ಸರಳರೇಖೆ, ಅದು ಎಲ್ಲೋ ಒಂದು ಕಡೆ ಸೊನ್ನೆಯನ್ನು ದಾಟಿಯೇ ತೀರುತ್ತದೆ. ಆ ಪದವೂ ಅಳಿದು ಧನ ಸ್ಥಿರಾಂಕ ಉಳಿದರೆ ಮಾತ್ರ ಆ ಬೆಲೆ ಉತ್ತರದೊಳಗೆ ಬರುತ್ತದೆ.

ಎರಡು ಗೋಡೆಗಳ ನಡುವೆ

ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗಳಿಗೆ ಓದುವವರಿಗೆ ಪರಿಚಯವಿರುವ ಇನ್ನೊಂದು ಬಗೆಯ ಲೆಕ್ಕದಲ್ಲಿ ಮೇಲ್ನೋಟಕ್ಕೆ ವರ್ಗ ಬಹುಪದೋಕ್ತಿಯ ಪ್ರಶ್ನೆಯೇ ಇರುವುದಿಲ್ಲ. ಎಲ್ಲ ವಾಸ್ತವ x ಗಳಿಗೂ

−3 < (x² + px − 2)/(x² + x + 1) < 2

ಆಗಬೇಕು, p ಯ ಬೆಲೆಗಳನ್ನು ಕಂಡುಹಿಡಿಯಿರಿ ಎಂದು ಪ್ರಶ್ನೆ.

ಅಸಮತೆಯ ಎರಡೂ ಬದಿಯನ್ನು ಛೇದದಿಂದ ಗುಣಿಸಿ ಭಿನ್ನರಾಶಿಯನ್ನು ಕಳೆಯೋಣ ಎಂದು ಯಾರಿಗಾದರೂ ತೋಚುತ್ತದೆ. ಆದರೆ ಛೇದ ಋಣವಾದರೆ ಅಸಮತೆಯ ಗುರುತು ತಿರುಗುತ್ತದೆ. ಛೇದದ ಚಿಹ್ನೆ ತಿಳಿಯದೆ ಗುಣಿಸುವಂತಿಲ್ಲ. ಇಲ್ಲಿಯೇ ಶೋಧಕದ ಮೊದಲ ಉಪಯೋಗ. x² + x + 1 ರ ಶೋಧಕ 1 − 4 = −3, ಸಹಗುಣಕ 1. ಹಾಗಾಗಿ ಛೇದ ಸದಾ ಧನ, ಧೈರ್ಯವಾಗಿ ಗುಣಿಸಬಹುದು.

ಎಡಗಡೆಯ ಅಸಮತೆಯನ್ನು ಗುಣಿಸಿ ಎಲ್ಲವನ್ನೂ ಒಂದೇ ಬದಿಗೆ ತಂದರೆ 4x² + (p + 3)x + 1 > 0. ಇದು ಪ್ರತಿ x ಗೂ ನಿಜವಾಗಲು (p + 3)² − 16 < 0. ಅಂದರೆ p + 3 ಎಂಬುದು −4 ಮತ್ತು 4ರ ನಡುವೆ ಇರಬೇಕು, p ಎಂಬುದು −7 ಮತ್ತು 1ರ ನಡುವೆ. ಬಲಗಡೆಯದನ್ನು ಹಾಗೆಯೇ ಮಾಡಿದರೆ x² + (2 − p)x + 4 > 0. ಇದಕ್ಕೆ (2 − p)² − 16 < 0 ಆಗಬೇಕು, ಅಂದರೆ p ಎಂಬುದು −2 ಮತ್ತು 6ರ ನಡುವೆ. ಎರಡೂ ಅಸಮತೆಗಳು ಒಟ್ಟಿಗೆ ನಿಲ್ಲಬೇಕಾದ್ದರಿಂದ ಎರಡರಲ್ಲೂ ಸೇರಿದ ಭಾಗವನ್ನು ತೆಗೆದುಕೊಳ್ಳಬೇಕು. ಉತ್ತರ −2 < p < 1.

ಈ ಉತ್ತರ ಸರಿಯೇ ಎಂದು ತಿಳಿಯುವುದು ಹೇಗೆ? ಒಳಗಿನ ಒಂದೆರಡು ಬೆಲೆ ಹಾಕಿದರೆ ಉತ್ತರ ಸರಿಯಿರಬಹುದು ಎಂದು ತೋರುತ್ತದೆ, ಗಡಿ ಸರಿಯೇ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಗಡಿಯನ್ನೇ ಹಾಕಬೇಕು. p = 1 ಹಾಕಿದರೆ ಮೊದಲ ಬೀಜೋಕ್ತಿ 4x² + 4x + 1, ಅಂದರೆ (2x + 1)². ಅದು x = −1/2 ನಲ್ಲಿ ಸೊನ್ನೆಯನ್ನು ಮುಟ್ಟುತ್ತದೆ. ಅದೇ x ನಲ್ಲಿ ಮೂಲ ಭಿನ್ನರಾಶಿಯ ಅಂಶ −2.25, ಛೇದ 0.75, ಬೆಲೆ ಸರಿಯಾಗಿ −3. p = −2 ಹಾಕಿದರೆ ಎರಡನೆಯ ಬೀಜೋಕ್ತಿ x² + 4x + 4, ಅದು x = −2 ನಲ್ಲಿ ಸೊನ್ನೆ. ಅಲ್ಲಿ ಭಿನ್ನರಾಶಿ 6/3, ಅಂದರೆ ಸರಿಯಾಗಿ 2. ಎರಡೂ ಗಡಿಗಳಲ್ಲಿ ಭಿನ್ನರಾಶಿ ತನ್ನ ಗೋಡೆಯನ್ನು ಒಂದೇ ಬಿಂದುವಿನಲ್ಲಿ ಮುಟ್ಟಿದೆ. ಗಡಿಗಳು ಸರಿಯಿವೆ, ಅವು ಉತ್ತರದ ಹೊರಗಿರಬೇಕು ಎಂಬುದೂ ಸರಿ.

ಇದೇ ಪರೀಕ್ಷೆಯನ್ನು ಹಿಂದಿನ ಲೆಕ್ಕಗಳಿಗೂ ಹಾಕಿ ನೋಡಿ. kx² + 4x + (k − 3) ರಲ್ಲಿ k = 4 ಆದಾಗ ಮತ್ತೆ (2x + 1)², ಮೇಲಿನಿಂದ ಬಂದು ಸೊನ್ನೆಯನ್ನು ಮುಟ್ಟುತ್ತದೆ. k = −1 ಆದಾಗ −(x − 2)², ಕೆಳಗಿನಿಂದ ಬಂದು ಮುಟ್ಟುತ್ತದೆ. ಆ ಗಡಿಯಾಚೆ ಇರುವುದು ಸದಾ ಋಣವಾದ ಬೀಜೋಕ್ತಿಗಳು ಎಂದು ಅದೊಂದೇ ಸಾಲು ಹೇಳಿಬಿಡುತ್ತದೆ. (k − 2)x² + 2(k − 2)x + 4 ರಲ್ಲಿ k = 6 ಆದಾಗ 4(x + 1)², ಅದು ಮುಟ್ಟುತ್ತದೆ, ಆದ್ದರಿಂದ 6 ಹೊರಗೆ. k = 2 ಆದಾಗ 4, ಅದು ಸೊನ್ನೆಯನ್ನು ಮುಟ್ಟುವುದೇ ಇಲ್ಲ, ಆದ್ದರಿಂದ 2 ಒಳಗೆ. ಪ್ರಶ್ನೆ ಸದಾ ಧನ ಎನ್ನದೆ ಎಂದೂ ಋಣವಾಗಬಾರದು ಎಂದಷ್ಟೇ ಕೇಳಿದ್ದರೆ, ಮೇಲಿನಿಂದ ಮುಟ್ಟುವ 4 ಮತ್ತು 6 ಕೂಡ ಒಳಗೆ ಬರುತ್ತಿದ್ದವು, ಆಗ D ≤ 0 ಎಂದು ಬರೆಯಬೇಕಾಗುತ್ತಿತ್ತು.

ಲೆಕ್ಕ ಮುಗಿದ ಮೇಲೆ ಪ್ರತಿ ಗಡಿಬೆಲೆಯನ್ನೂ ಮೂಲ ಬೀಜೋಕ್ತಿಗೆ ಹಿಂತಿರುಗಿಸಿ ಎರಡು ಪ್ರಶ್ನೆ ಕೇಳಬೇಕು: ಸೊನ್ನೆಯನ್ನು ಮುಟ್ಟಿತೆ, ಮುಟ್ಟಿದ್ದರೆ ಯಾವ ಬದಿಯಿಂದ? ಚಿಹ್ನೆ ತಿರುಗಿಸಲು ಮರೆತದ್ದು, a ಯ ನಿಬಂಧನೆ ಬಿಟ್ಟದ್ದು, a = 0 ಆಗುವ ಬೆಲೆಯನ್ನು ಕೈಬಿಟ್ಟದ್ದು, ಅಸಮತೆಗೆ ಸಮಚಿಹ್ನೆ ಬೇಕೋ ಬೇಡವೋ ಎಂಬ ಗೊಂದಲ, ಇವೆಲ್ಲ ಸಿಕ್ಕಿಬೀಳುವುದು ಗಡಿಯಲ್ಲಿ ಮತ್ತು ಅದರ ಎರಡು ಬದಿಗೆ ಹಾಕಿದ ಒಂದೊಂದು ಬೆಲೆಯಲ್ಲಿ.